ಸಹಿ ಹಾಕಿದ ಹಾಳೆ, ಜಾರಿದ ಏಣಿ: ದಾವಣಗೆರೆಯ ಒಂದು ಸೈಟ್‌ನ ಪ್ರಕರಣ

ದಾವಣಗೆರೆಯ ರಿಂಗ್ ರೋಡ್ ಕಡೆ ಮೂರು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಕೆಳಗೆ ಅಂಗಡಿಗಳು, ಮೇಲೆ ಮನೆಗಳು. ಅಲ್ಲಿ ಗೌಂಡಿಗೆ ಗಾರೆ ಕೊಡುವ ಕೈಯಾಳೊಬ್ಬ ಮೊದಲ ಮಹಡಿಗೆ ಏಣಿ ಹತ್ತುವಾಗ ಬಿದ್ದ. ಎಡಗೈ ಮಣಿಕಟ್ಟು ಮುರಿಯಿತು. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಜಗಳೂರು ಕಡೆಯ ಹುಡುಗ, ಇನ್ನೂ ಚಿಕ್ಕ ವಯಸ್ಸು.

ಬಿದ್ದಾಗ ಅವನ ತಲೆಗೆ ಹೆಲ್ಮೆಟ್ ಇತ್ತು, ಕಾಲಿಗೆ ಶೂ ಇತ್ತು, ಮೈಗೆ ಸೇಫ್ಟಿ ಬೆಲ್ಟೂ ಇತ್ತು. ಕೆಲಸಕ್ಕೆ ಸೇರಿದ ದಿನವೇ ಸುರಕ್ಷತೆಯ ಹಾಳೆ ಕೊಟ್ಟು, ಓದಿ ಹೇಳಿ, ಸಹಿ ಹಾಕಿಸಿಕೊಂಡಿದ್ದರು. ಗುತ್ತಿಗೆದಾರರು ನನಗೆ ಕೇಳಿದ್ದು ಇದನ್ನೇ: "ಎಲ್ಲಾ ಕೊಟ್ಟೀವ್ರಿ, ಸಹಿ ಐತಿ, ಆದ್ರೂ ಹುಡುಗ ಬಿದ್ದ. ಇನ್ನೇನು ಮಾಡ್ಬೇಕು ಹೇಳ್ರಿ." ಹೊಸ ಹಾಳೆಯೊಂದನ್ನು ಬರೆದುಕೊಡಿ ಅಂತ ಕರೆಸಿದ್ದರು. ಹಾಳೆ ಬರೆಯುವ ಮೊದಲು ಏಣಿ ನೋಡಬೇಕು ಅಂದೆ. ಅದೃಷ್ಟಕ್ಕೆ ಅದನ್ನು ಯಾರೂ ಬೇರೆ ಕಡೆ ಒಯ್ದಿರಲಿಲ್ಲ.

ಏಣಿ ಹೇಗಿತ್ತು

ಹನ್ನೆರಡು ಅಡಿಯ ಅಲ್ಯೂಮಿನಿಯಂ ಏಣಿ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒಂದು ಅಡಿ. ಒಳಗಿನ ಮೆಟ್ಟಿಲ ಸಾಲಿಗೆ ಆಗಷ್ಟೇ ಕಾಂಕ್ರೀಟ್ ಹಾಕಿದ್ದರು. ಹಾಗಾಗಿ ಆ ವಾರ ಮೇಲೆ ಹೋಗಲು ಈ ಏಣಿಯೊಂದೇ ದಾರಿ. ಕೆಳಗಿನ ನೆಲದಿಂದ ಮೇಲಿನ ಸ್ಲ್ಯಾಬ್ ಅಂಚಿಗೆ ಹತ್ತು ಅಡಿ ಎತ್ತರ.

ಏಣಿಯ ಎಡಗಾಲಿಗೆ ರಬ್ಬರ್ ಬುಷ್ ಇತ್ತು, ಬಲಗಾಲಿಗೆ ಇರಲಿಲ್ಲ. ಬುಷ್ ಉದುರಿ ಬಹಳ ದಿನ ಆಗಿತ್ತು ಅನ್ನುವುದು ಗೊತ್ತಾಗುತ್ತಿತ್ತು. ಆ ಕಾಲಿನ ಲೋಹದ ಅಂಚು ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು, ಒಂದು ಕಡೆ ಸವೆದು ಓರೆಯಾಗಿತ್ತು. ಅದನ್ನು ಇಟ್ಟಿದ್ದ ನೆಲದ ಮೇಲೆ ಜರಡಿ ಹಿಡಿದ ಮರಳು ತೆಳ್ಳಗೆ ಹರಡಿತ್ತು. ಗಟ್ಟಿ ನೆಲದ ಮೇಲೆ ಸಣ್ಣ ಮರಳು ಬಿದ್ದರೆ ಅದು ಎಪಿಎಂಸಿ ಯಾರ್ಡಿನ ಕಟ್ಟೆ ಮೇಲೆ ಚೆಲ್ಲಿದ ಮೆಕ್ಕೆಜೋಳದ ಹಾಗೆ. ಮೇಲೆ ಇಟ್ಟದ್ದು ಉರುಳಿಕೊಂಡೇ ಹೋಗುತ್ತದೆ. ನೆಲದ ಮೇಲೆ ಏಣಿ ಕಾಲು ಗೀರಿಕೊಂಡು ಹೋದ ಗುರುತು ಇನ್ನೂ ಇತ್ತು. ಬಲಗಾಲಿನದು ಉದ್ದ ಗೀರು, ಎಡಗಾಲಿನದು ಗಿಡ್ಡ. ಬುಷ್ ಇಲ್ಲದ ಕಾಲು ಮೊದಲು ಹೊರಟಿದೆ, ಏಣಿ ತಿರುಚಿಕೊಂಡಿದೆ, ಆಮೇಲೆ ಇನ್ನೊಂದು ಕಾಲೂ ಬಿಟ್ಟಿದೆ.

ಗೀರು ಶುರುವಾದ ಜಾಗದಿಂದ ಸ್ಲ್ಯಾಬ್ ಅಂಚಿನ ನೇರಕ್ಕೆ ಟೇಪ್ ಹಿಡಿದರೆ ಐದು ಅಡಿ ಬಂತು. ಹತ್ತು ಅಡಿ ಎತ್ತರಕ್ಕೆ ಬುಡ ಎರಡೂವರೆ ಅಡಿ ದೂರ ಇರಬೇಕಿತ್ತು. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ದೂರ, ಇದು ಒರಗಿಸುವ ಏಣಿಗೆ ಎಲ್ಲಾ ಕಡೆ ಇರುವ ನಿಯಮ. ಇಲ್ಲಿ ಅದರ ಎರಡರಷ್ಟು ಇತ್ತು. ಯಾಕೆ ಅಂತ ಕೇಳುವ ಅಗತ್ಯವೇ ಬೀಳಲಿಲ್ಲ. ಏಣಿ ಇಡಬೇಕಾದ ಜಾಗದಲ್ಲಿ ಟೈಲ್ಸ್ ಬಾಕ್ಸ್ ಪೇರಿಸಿದ್ದರು. ಅವುಗಳ ಈಚೆ ಏಣಿ ಇಟ್ಟಿದ್ದಾರೆ, ಅಷ್ಟೇ.

ತುದಿಯಲ್ಲೂ ತೊಂದರೆ ಇತ್ತು. ಬುಡ ದೂರ ಹೋದಷ್ಟೂ ಏಣಿ ಮಲಗುತ್ತದೆ, ಮೇಲೆ ಚಾಚಿಕೊಳ್ಳುವ ಭಾಗ ಕಡಿಮೆ ಆಗುತ್ತದೆ. ಇಲ್ಲಿ ಸ್ಲ್ಯಾಬ್ ಅಂಚಿನ ಮೇಲೆ ಒಂದು ಅಡಿಯೂ ಉಳಿದಿರಲಿಲ್ಲ. ಕಟ್ಟಲೂ ಇಲ್ಲ. ಮೇಲೆ ಕಾಲಿಡುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಬಗ್ಗಿ ಸ್ಲ್ಯಾಬ್ ಮೇಲೆ ಕೈ ಊರಿ, ಮಂಡಿ ಊರಿ, ತೆವಳಿಕೊಂಡು ಹೋಗಬೇಕು. ಹಾಗೆ ಮಾಡುವಾಗ ಕಾಲು ಏಣಿಯನ್ನು ಹಿಂದಕ್ಕೆ ಒದೆಯುತ್ತದೆ.

ಈ ಹುಡುಗ ಅಷ್ಟು ದೂರವೂ ಹೋಗಲಿಲ್ಲ. ಹೆಗಲ ಮೇಲೆ ಗಾರೆ ತುಂಬಿದ ಬಾಂಡ್ಲಿ, ಒಂದು ಕೈ ಅದಕ್ಕೆ, ಇನ್ನೊಂದು ಕೈ ಏಣಿಗೆ. ಒಂಬತ್ತನೇ ಮೆಟ್ಟಿಲಿಗೆ ಕಾಲಿಟ್ಟಾಗ ಬುಡ ಜಾರಿತು.

ಒಂಬತ್ತನೇ ಮೆಟ್ಟಿಲಿನವರೆಗೆ ಯಾಕೆ ಜಾರಲಿಲ್ಲ?

ಈ ಪ್ರಶ್ನೆ ಕೇಳಿದ್ದು ಅಲ್ಲಿನ ಮೇಸ್ತ್ರಿ. "ಬೆಳಗ್ಗೆಯಿಂದ ಎಷ್ಟೋ ಮಂದಿ ಹತ್ತಿ ಇಳಿದಾರ್ರಿ. ಇವ್ನೂ ಎಂಟು ಮೆಟ್ಲು ಆರಾಮ ಹತ್ತಿದಾನ." ಬಹಳ ಒಳ್ಳೆಯ ಪ್ರಶ್ನೆ. ಹಾಳೆ ಬರೆಯುವವರು ಇದಕ್ಕೆ ಉತ್ತರ ಕೊಡದೇ ಹೋದರೆ ಕೆಲಸಗಾರ ನಂಬುವುದಿಲ್ಲ. ಅವನ ಕಣ್ಣೆದುರಿಗೆ ಆ ಏಣಿ ಗಟ್ಟಿಯಾಗೇ ನಿಂತಿತ್ತಲ್ವಾ?

ಏಣಿಯ ಮೇಲೆ ಆಳು ಮೇಲೆ ಹೋದ ಹಾಗೆಲ್ಲಾ ಬುಡವನ್ನು ಹೊರಕ್ಕೆ ತಳ್ಳುವ ಬಲ ಜಾಸ್ತಿ ಆಗುತ್ತಾ ಹೋಗುತ್ತದೆ. ಹುಡುಗನೂ ಬಾಂಡ್ಲಿಯೂ ಸೇರಿ 90 ಕೆಜಿ ಅಂದುಕೊಳ್ಳಿ. ಏಣಿಯ ಸ್ವಂತ ತೂಕ ಬಿಡಿ. ಬುಡ ಐದು ಅಡಿ ದೂರ ಇದ್ದಾಗ ಮೊದಲ ಮೆಟ್ಟಿಲಲ್ಲಿ ಆ ತಳ್ಳು ಸುಮಾರು ನಾಲ್ಕು ಕೆಜಿ ತೂಕದಷ್ಟು. ಒಂಬತ್ತನೇ ಮೆಟ್ಟಿಲಿಗೆ ಬರುವಷ್ಟರಲ್ಲಿ 36 ಕೆಜಿಯಷ್ಟು. ಇದೇ ಏಣಿಯ ಬುಡ ಎರಡೂವರೆ ಅಡಿಯಲ್ಲಿ ಇದ್ದಿದ್ದರೆ ಒಂಬತ್ತನೇ ಮೆಟ್ಟಿಲಲ್ಲೂ 20 ಕೆಜಿ ಆಸುಪಾಸು. ಒರಟು ಲೆಕ್ಕವೇ, ಆದರೆ ಪ್ರಮಾಣ ಸರಿಯಾಗಿದೆ.

ನೆಲದ ಹಿಡಿತ ಮಾತ್ರ ಇದ್ದಷ್ಟೇ ಇರುತ್ತದೆ. ಆಳು ಏಣಿ ಮೇಲೆ ಪೂರ್ತಿ ಭಾರ ಬಿಟ್ಟ ಮೇಲೆ ಅವನು ಎಷ್ಟನೇ ಮೆಟ್ಟಿಲಲ್ಲಿದ್ದರೂ ಆ ಹಿಡಿತ ಬದಲಾಗುವುದಿಲ್ಲ. ಅಂದರೆ ತಳ್ಳು ಏರುತ್ತದೆ, ಹಿಡಿತ ಏರುವುದಿಲ್ಲ. ಎಲ್ಲೋ ಒಂದು ಮೆಟ್ಟಿಲಲ್ಲಿ ತಳ್ಳು ಹಿಡಿತವನ್ನು ಮೀರಿಸುತ್ತದೆ. ಏಣಿ ಮೇಲಿನ ಮೆಟ್ಟಿಲುಗಳಲ್ಲೇ ಜಾರುವುದು ಇದಕ್ಕೆ. ಕೆಳಗಿನ ಮೆಟ್ಟಿಲ ಮೇಲೆ ಎರಡು ಸಲ ಕುಪ್ಪಳಿಸಿ, "ಗಟ್ಟಿ ಐತಿ" ಅಂತ ಹತ್ತುವ ಅಭ್ಯಾಸ ನಮ್ಮ ಸೈಟ್‌ಗಳಲ್ಲಿ ಎಲ್ಲಾ ಕಡೆ ಇದೆ. ಆ ಪರೀಕ್ಷೆ ಮೆಟ್ಟಿಲು ಮುರಿಯುತ್ತದಾ ಅಂತ ಹೇಳಬಹುದು, ಏಣಿ ಜಾರುತ್ತದಾ ಅಂತ ಹೇಳಲಾರದು. ಬೆಳಗ್ಗೆಯಿಂದ ಹತ್ತಿ ಇಳಿದವರು ಬರಿಗೈಯಲ್ಲಿ ಹೋಗಿದ್ದರು. ಮೊದಲ ಬಾಂಡ್ಲಿ ಹೊತ್ತವನು ಇವನೇ.

ಮೇಸ್ತ್ರಿಗೆ ಇನ್ನೊಂದು ಅನುಮಾನ ಇತ್ತು. "ಏಣಿ ಅಷ್ಟು ನೆಟ್ಟಗ ಇಟ್ರ ಹಿಂದಕ್ಕ ಬೀಳ್ತೈತ್ರಿ." ಅವರ ಹೆದರಿಕೆ ಸುಳ್ಳಲ್ಲ. ತೀರಾ ನೆಟ್ಟಗೆ ಇಟ್ಟರೆ ಮೇಲೆ ಹೋದವನು ಸ್ವಲ್ಪ ಹಿಂದಕ್ಕೆ ವಾಲಿದರೂ ಏಣಿ ಗೋಡೆ ಬಿಟ್ಟು ಬರುತ್ತದೆ. ಆ ಹೆದರಿಕೆಗೇ ಜನ ಬುಡವನ್ನು ಹೊರಕ್ಕೆ ಎಳೆಯುತ್ತಾರೆ. ನಾಲ್ಕಕ್ಕೆ ಒಂದು ಅನ್ನುವುದು ಎರಡು ಅಪಾಯಗಳ ನಡುವಿನ ಜಾಗ. ತುದಿಯನ್ನು ಕಟ್ಟಿಬಿಟ್ಟರೆ ಹಿಂದಕ್ಕೆ ಬೀಳುವ ಮಾತೇ ಇಲ್ಲ, ಪಕ್ಕಕ್ಕೆ ಜಾರುವುದೂ ನಿಲ್ಲುತ್ತದೆ. ಬುಡವೂ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ.

ಮೈಮೇಲೆ ಇದ್ದದ್ದು ಏನು ಮಾಡಿತು

ಹೆಲ್ಮೆಟ್ ಸಿಕ್ಕಿದ್ದು ಹುಡುಗ ಬಿದ್ದ ಜಾಗದಿಂದ ಆಚೆ, ಮರಳಿನ ಗುಡ್ಡೆಯ ಪಕ್ಕ. ಗದ್ದದ ಪಟ್ಟಿಯನ್ನು ಮಡಚಿ ಒಳಗಿನ ಜಾಲರಿಗೆ ಸಿಕ್ಕಿಸಿದ್ದು ಹಾಗೇ ಇತ್ತು. ಅಂದರೆ ಅವನು ಪಟ್ಟಿ ಹಾಕಿರಲೇ ಇಲ್ಲ. ಹೆಲ್ಮೆಟ್ ಮೊದಲು ಹಾರಿತು, ಆಮೇಲೆ ತಲೆ ಏಣಿಗೆ ಬಡಿಯಿತು. ನಿಂತವನ ತಲೆ ಮೇಲೆ ಇಟ್ಟಿಗೆ ಚೂರು ಬಿದ್ದರೆ ಪಟ್ಟಿ ಇಲ್ಲದ ಹೆಲ್ಮೆಟ್ ಕೂಡಾ ಒಂದಿಷ್ಟು ಕಾಪಾಡುತ್ತದೆ. ಮನುಷ್ಯನೇ ಬೀಳುವಾಗ ಪಟ್ಟಿ ಇಲ್ಲದ ಹೆಲ್ಮೆಟ್‌ನಿಂದ ಏನೂ ಉಪಯೋಗ ಇಲ್ಲ. ಹಳೆಯ ಹಾಳೆಯಲ್ಲಿ ಹೆಲ್ಮೆಟ್ ಕಡ್ಡಾಯ ಅಂತ ಇತ್ತು. ಪಟ್ಟಿಯ ಮಾತು ಇರಲಿಲ್ಲ.

ಆ ಹೆಲ್ಮೆಟ್ ಒಳಗೆ ಮಡಚಿದ ಟವೆಲ್ ಬೇರೆ ಇತ್ತು. ದಾವಣಗೆರೆಯ ಬೇಸಿಗೆಯಲ್ಲಿ ಬೆವರು ಹೀರಲಿ ಅಂತ ಎಲ್ಲರೂ ಹೀಗೆ ತುರುಕುತ್ತಾರೆ, ಬೀಡಿ ಕಟ್ಟು ಇಡುವವರೂ ಇದ್ದಾರೆ. ಹೆಲ್ಮೆಟ್‌ನ ಚಿಪ್ಪಿಗೂ ತಲೆಗೂ ನಡುವೆ ಇರುವ ಖಾಲಿ ಜಾಗವೇ ಪೆಟ್ಟನ್ನು ತಿನ್ನುವುದು. ಒಳಗಿನ ಪಟ್ಟಿಗಳು ಎಳೆದುಕೊಂಡು ಹೊಡೆತವನ್ನು ಹಂಚುತ್ತವೆ. ಆ ಜಾಗಕ್ಕೆ ಬಟ್ಟೆ ತುಂಬಿದರೆ ಪೆಟ್ಟು ನೇರವಾಗಿ ಬುರುಡೆಗೆ ಇಳಿಯುತ್ತದೆ. ಬೆವರಿಗೆ ಹಣೆಯ ಸುತ್ತ ತೆಳ್ಳನೆಯ ಕರವಸ್ತ್ರ ಕಟ್ಟಿಕೊಂಡು ಮೇಲೆ ಹೆಲ್ಮೆಟ್ ಹಾಕಿ ಅಂತ ಹೊಸ ಹಾಳೆಯಲ್ಲಿ ಬರೆದೆ. ಸುಮ್ನೆ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಬೆವರು ನಿಜವಾಗಿ ಕಣ್ಣಿಗೆ ಇಳಿಯುತ್ತದೆ.

ಇನ್ನು ಬೆಲ್ಟ್. ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ್ದು ಇದೇ. ಮೈಪೂರ್ತಿ ಕಟ್ಟುವ ಒಳ್ಳೆಯ ಬೆಲ್ಟೇ, ಐಎಸ್‌ಐ ಗುರುತಿನದು. ಆದರೆ ಕೊಕ್ಕೆ ಹುಡುಗನ ಸೊಂಟಕ್ಕೇ ಸಿಕ್ಕಿಸಿಕೊಂಡಿತ್ತು. ಹಾಕಲು ಮೇಲೆ ಏನೂ ಇರಲಿಲ್ಲ. ಅದಕ್ಕಿಂತ ಮುಖ್ಯವಾದ ವಿಷಯ, ಹಾಕಿದ್ದರೂ ಹತ್ತು ಅಡಿ ಎತ್ತರದಲ್ಲಿ ಆ ಬೆಲ್ಟ್ ಅವನನ್ನು ಹಿಡಿಯುತ್ತಿರಲಿಲ್ಲ.

ಲೆಕ್ಕ ಹಾಕೋಣ. ಬೆಲ್ಟಿನ ಹಗ್ಗ ಆರು ಅಡಿ. ಬಿದ್ದಾಗ ಬೆನ್ನು ಮುರಿಯದಿರಲಿ ಅಂತ ಹಗ್ಗದಲ್ಲಿ ಹೊಲಿದಿರುವ ಚೀಲದಂಥ ಭಾಗ ಬಿಚ್ಚಿಕೊಳ್ಳುತ್ತದೆ. ಜೋರಾದ ಬೀಳಿನಲ್ಲಿ ಅದು ಐದೂಮುಕ್ಕಾಲು ಅಡಿಯವರೆಗೆ ಬಿಚ್ಚಬಹುದು. ಬೆನ್ನ ಮೇಲಿನ ಬಳೆಯಿಂದ ಪಾದದವರೆಗೆ ಐದು ಅಡಿ. ಪಾದದ ಕೆಳಗೆ ಮೂರು ಅಡಿಯಾದರೂ ಉಳಿದಿರಬೇಕು. ಒಟ್ಟು ಇಪ್ಪತ್ತು ಅಡಿ ಹತ್ತಿರ ಬಂತು. ಕೊಕ್ಕೆ ಹಾಕಿದ ಜಾಗದಿಂದ ಕೆಳಗೆ ಇಷ್ಟು ಖಾಲಿ ಜಾಗ ಬೇಕು. ಹತ್ತು ಅಡಿ ಮೇಲಿರುವ ಸ್ಲ್ಯಾಬ್ ಅಂಚಿಗೆ ಕೊಕ್ಕೆ ಹಾಕಿದರೆ ಹಗ್ಗ ಬಿಗಿದು ಹಿಡಿಯುವ ಮೊದಲೇ ಕಾಲು ನೆಲಕ್ಕೆ ಬಡಿದಿರುತ್ತದೆ. ತಲೆಗಿಂತ ಮೇಲೆ ಕೊಕ್ಕೆ ಹಾಕಿ ಹಗ್ಗ ಸಡಿಲ ಬಿಡದಿದ್ದರೆ ಬೀಳುವ ದೂರ ಬಹಳ ಕಡಿಮೆ ಆಗುತ್ತದೆ, ಆಗ ಇಷ್ಟು ಜಾಗ ಬೇಕಾಗುವುದಿಲ್ಲ. ಆದರೆ ಆ ಸೈಟ್‌ನಲ್ಲಿ ಏಣಿಯ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಕೆಲವರು ಕೊಕ್ಕೆಯನ್ನು ಏಣಿಯ ಮೆಟ್ಟಿಲಿಗೇ ಹಾಕುತ್ತಾರೆ. ಏಣಿ ಬಿದ್ದರೆ ಆಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಬಿಡಿಸಿಕೊಳ್ಳಲೂ ಆಗುವುದಿಲ್ಲ. ಸೆಂಟ್ರಿಂಗ್ ಪ್ರಾಪ್, ಕರೆಂಟ್ ಪೈಪು, ಅರ್ಧ ಕಟ್ಟಿದ ಇಟ್ಟಿಗೆ ಗೋಡೆಯ ಮೊಳೆ, ಇವೂ ಕೊಕ್ಕೆ ಹಾಕುವ ಜಾಗಗಳಲ್ಲ.

ಹಾಗಾದರೆ ಬೆಲ್ಟ್ ಬೇಡವಾ? ಎರಡನೇ, ಮೂರನೇ ಮಹಡಿಯ ಅಂಚಿನಲ್ಲಿ ಕೆಲಸ ಮಾಡುವಾಗ ಬೇಕೇ ಬೇಕು, ಕಾಲಂಗೆ ಬಿಗಿದ ತಂತಿ ಹಗ್ಗಕ್ಕೆ ಕೊಕ್ಕೆ ಹಾಕಬೇಕು. ಹತ್ತು ಅಡಿಯ ಏಣಿಗೆ ಬೆಲ್ಟ್ ಕೊಟ್ಟು ಕಳಿಸಿದರೆ ಮಾತ್ರ ಹುಡುಗನಿಗೂ ಮೇಸ್ತ್ರಿಗೂ "ಬೆಲ್ಟ್ ಐತಿ" ಅನ್ನುವ ಧೈರ್ಯ ಬರುತ್ತದೆ. ಏಣಿಯ ಕಡೆ ಗಮನ ಹೋಗುವುದಿಲ್ಲ. ಅಲ್ಲಿ ಅವನನ್ನು ಕಾಪಾಡಬೇಕಾದ್ದು ಸರಿಯಾಗಿ ಇಟ್ಟು ಕಟ್ಟಿದ ಏಣಿ.

ಶೂ ಬಗ್ಗೆ ಒಂದೇ ಮಾತು. ಅಟ್ಟೆಯ ಗೀರುಗಳಲ್ಲಿ ಸಿಮೆಂಟ್ ಕಟ್ಟಿ ಅದು ಹಲಗೆಯ ಹಾಗೆ ನುಣ್ಣಗಾಗಿತ್ತು. ಹುಡುಗನ ಕಾಲು ಜಾರಿರಲಿಲ್ಲ ನಿಜ, ಆದರೆ ಇನ್ನೊಂದು ದಿನ ಜಾರಬಹುದಿತ್ತು. ಏಣಿ ಹತ್ತುವ ಮೊದಲು ಕರಣೆ ತುದಿಯಿಂದ ಅಟ್ಟೆ ಕೆರೆದುಕೊಳ್ಳಿ ಅನ್ನುವುದು ಹೊಸ ಹಾಳೆಗೆ ಸೇರಿತು.

ಹಳೆಯ ಹಾಳೆ

ನಾಲ್ಕು ಪುಟ, ನಲವತ್ತಕ್ಕೂ ಜಾಸ್ತಿ ನಿಯಮ, ಸಣ್ಣ ಅಕ್ಷರ. ಅದರಲ್ಲಿ ಸುಳ್ಳು ಅಂತ ಒಂದೂ ಇರಲಿಲ್ಲ. ಏಣಿ 75 ಡಿಗ್ರಿ ಕೋನದಲ್ಲಿ ಇರಬೇಕು ಅಂತ ಇತ್ತು. ನಾಲ್ಕಕ್ಕೆ ಒಂದು ಅಂದರೂ ಹೆಚ್ಚುಕಡಿಮೆ ಅದೇ. ಆದರೆ ಏಣಿ ಎದುರಿಗೆ ನಿಂತವನ ಹತ್ತಿರ ಕೋನ ಅಳೆಯಲು ಏನಿದೆ? ಗೌಂಡಿಯ ಚೀಲದಲ್ಲಿ ತೂಕದ ಗುಂಡು, ಮಟ್ಟಗೋಲು, ಮೂಲೆಮಟ್ಟ ಇರುತ್ತವೆ. ಮೂಲೆಮಟ್ಟ ಇಟ್ಟರೆ ನೆಟ್ಟಗೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ, 75 ಗೊತ್ತಾಗುವುದಿಲ್ಲ.

ಏಣಿ ಸುಸ್ಥಿತಿಯಲ್ಲಿ ಇರಬೇಕು ಅಂತಲೂ ಇತ್ತು. ಹುಡುಗನನ್ನು ಕೇಳಿದೆ, ಏಣಿ ಹೇಗಿತ್ತು ಅಂತ. "ಚೆನ್ನಾಗಿತ್ತು ಸಾರ್, ಬಗ್ಗಿರ್ಲಿಲ್ಲ, ಮೆಟ್ಲು ಎಲ್ಲಾ ಇದ್ವು" ಅಂದ. ಬುಷ್ ನೋಡಬೇಕು ಅಂತ ಅವನಿಗೆ ಯಾರೂ ತೋರಿಸಿರಲಿಲ್ಲ.

ಇನ್ನೂ ಒಂದು ಸಂಗತಿ. ಸೈಟ್‌ನಲ್ಲಿ ಕಾಯಂ ಇರುವವರು ಅರ್ಧ ಜನ. ಉಳಿದವರು ಆಯಾ ದಿನಕ್ಕೆ ಬರುವವರು, ರಾಯಚೂರು ಕಡೆಯವರು, ಹಿಂದಿ ಮಾತ್ರ ಬರುವ ಬಿಹಾರದವರು. ಕೆಲವರಿಗೆ ಓದಲು ಬರುವುದಿಲ್ಲ. ನಾಲ್ಕು ಪುಟ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸುವಷ್ಟರಲ್ಲಿ ಹತ್ತು ಗಂಟೆ ಆಗುತ್ತಿತ್ತಂತೆ, ಹಾಗಾಗಿ ಬರಬರುತ್ತಾ ಓದುವುದು ನಿಂತು ಒತ್ತಿಸುವುದು ಮಾತ್ರ ಉಳಿದಿತ್ತು.

ಹೊಸ ಹಾಳೆ

ಒಂದೇ ಹಾಳೆ, ಎರಡು ಮಗ್ಗುಲು. ಒಂದು ಕಡೆ ಮೈಮೇಲೆ ಹಾಕುವುದು, ಇನ್ನೊಂದು ಕಡೆ ಏಣಿ. ಪ್ರತಿ ಮಾತಿಗೂ ಒಂದು ಅಳತೆಗೋಲು ಇಟ್ಟುಕೊಂಡೆ: ಏಣಿ ಬುಡದಲ್ಲಿ ನಿಂತವನು ತನ್ನ ಕಣ್ಣು, ಕೈಕಾಲುಗಳಿಂದಲೇ ಇದನ್ನು ಪರೀಕ್ಷೆ ಮಾಡಬಹುದಾ? ಆಗದಿದ್ದರೆ ಆ ಮಾತು ಇಂಜಿನಿಯರ್ ಪುಸ್ತಕಕ್ಕೆ ಹೋಗಲಿ, ಕೆಲಸಗಾರನ ಹಾಳೆಗೆ ಬೇಡ. ಏಣಿಯ ಮಗ್ಗುಲು ಹೀಗಿದೆ:

"ಏಣಿ ಮಲಗಿಸಿ ಬುಡ ನೋಡಿ. ಎರಡು ಕಾಲಿಗೂ ಬುಷ್ ಇರಬೇಕು. ಬಿದಿರಿನ ಏಣಿ ಆದರೆ ಉದ್ದಕ್ಕೂ ಕೈ ಆಡಿಸಿ, ಸೀಳು ಇದ್ದರೆ, ಮೆಟ್ಟಿಲು ಕೈಯಲ್ಲಿ ತಿರುಗಿದರೆ ಹತ್ತಬೇಡಿ.

ಇಡುವ ಜಾಗದ ಮರಳು, ಜಲ್ಲಿ ಗುಡಿಸಿ. ಸಾಮಾನು ಅಡ್ಡ ಇದ್ದರೆ ಸಾಮಾನು ಸರಿಸಿ, ಏಣಿ ಸರಿಸಬೇಡಿ.

ನಿಮ್ಮ ಪಾದದ ಹೆಬ್ಬೆರಳು ಏಣಿ ಕಾಲಿಗೆ ತಾಗಿಸಿ ನೆಟ್ಟಗೆ ನಿಲ್ಲಿ. ಕೈ ಮುಂದಕ್ಕೆ ನೇರ ಚಾಚಿ. ಭುಜದ ಎತ್ತರದ ಮೆಟ್ಟಿಲಿಗೆ ಅಂಗೈ ತಾಗಬೇಕು. ತಾಗಲು ಮೊಣಕೈ ಮಡಚಬೇಕಾದರೆ ಏಣಿ ತೀರಾ ನೆಟ್ಟಗಿದೆ, ಬುಡ ಹೊರಕ್ಕೆ ತನ್ನಿ. ಕೈಗೆ ಎಟುಕದಿದ್ದರೆ ಏಣಿ ಮಲಗಿದೆ, ಬುಡ ಒಳಕ್ಕೆ ತಳ್ಳಿ.

ಸ್ಲ್ಯಾಬ್ ಮೇಲೆ ಏಣಿ ಮೂರು ಅಡಿ ಚಾಚಿರಬೇಕು. ನೀವು ಮೇಲೆ ನಿಂತಾಗ ಸೊಂಟದ ಮಟ್ಟಕ್ಕೆ ಬರಬೇಕು.

ತುದಿ ಕಟ್ಟಿ. ಕಟ್ಟುವವನು ಹತ್ತುವಾಗ ಬುಡವನ್ನು ಇನ್ನೊಬ್ಬ ಹಿಡಿಯಲಿ.

ಮುಖ ಏಣಿ ಕಡೆ. ಎರಡು ಕೈ ಒಂದು ಕಾಲು, ಇಲ್ಲಾ ಎರಡು ಕಾಲು ಒಂದು ಕೈ, ಯಾವಾಗಲೂ ಏಣಿ ಮೇಲೆ. ಬಾಂಡ್ಲಿ, ಬಕೆಟ್ ಹೊತ್ತು ಹತ್ತುವ ಹಾಗಿಲ್ಲ. ರಾಟೆ ಹಗ್ಗದಿಂದ ಎಳೆಯಿರಿ."

ಕೈ ಚಾಚುವ ಪರೀಕ್ಷೆ ಎತ್ತರದವರಿಗೂ ಗಿಡ್ಡವರಿಗೂ ಹೊಂದುತ್ತದೆ, ಯಾಕಂದರೆ ಮನುಷ್ಯ ಎತ್ತರ ಆದ ಹಾಗೆ ಕೈಯೂ ಉದ್ದ ಆಗುತ್ತದೆ. ಒಂದೆರಡು ಡಿಗ್ರಿ ಆಚೀಚೆ ಬಂದರೂ ಚಿಂತೆ ಇಲ್ಲ. ಇನ್ನೊಂದು ದಾರಿಯೂ ಇದೆ. ಏಣಿ ತಾಗಿದ ಜಾಗದವರೆಗೆ ಮೆಟ್ಟಿಲು ಎಣಿಸಿ, ನಾಲ್ಕರಿಂದ ಭಾಗಿಸಿ, ಅಷ್ಟು ಅಡಿ ಬುಡ ದೂರ ಇಡುವುದು. ಮೇಸ್ತ್ರಿಗಳಿಗೆ ಇದೇ ಇಷ್ಟ ಆಯಿತು. ಹಾಳೆಗೆ ಮಾತ್ರ ಕೈ ಚಾಚುವುದನ್ನೇ ಹಾಕಿದೆ, ಭಾಷೆ ಬಾರದವನೂ ಒಂದು ಸಲ ನೋಡಿ ಕಲಿಯುತ್ತಾನೆ.

ಮೂರು ಅಡಿ ಚಾಚಿರಬೇಕು ಅಂದಾಗ ಗುತ್ತಿಗೆದಾರರಿಗೂ ಒಂದು ಕೆಲಸ ಬಂತು. ಹತ್ತು ಅಡಿ ಎತ್ತರಕ್ಕೆ, ಬುಡ ಎರಡೂವರೆ ಅಡಿ ಇಟ್ಟು, ಮೇಲೆ ಮೂರು ಅಡಿ ಬಿಟ್ಟರೆ ಹದಿಮೂರೂವರೆ ಅಡಿ ಬೇಕು. ಅವರ ಹತ್ತಿರ ಇದ್ದದ್ದು ಹನ್ನೆರಡು ಅಡಿಯದು. ಅಂದರೆ ಆ ಹುಡುಗ ಎಷ್ಟೇ ಹುಷಾರಾಗಿ ಇಟ್ಟಿದ್ದರೂ ಆ ಏಣಿ ಆ ಜಾಗಕ್ಕೆ ಸರಿಹೋಗುತ್ತಿರಲಿಲ್ಲ. ಹದಿನಾಲ್ಕು ಅಡಿಯ ಏಣಿ ತರಿಸಿದರು. ಹಾಳೆಯಲ್ಲಿ ಕೆಲಸಗಾರನಿಗೆ ಹೇಳುವ ಮೊದಲು ಸೈಟ್ ಕೊಡಬೇಕಾದ್ದನ್ನು ಕೊಟ್ಟಿರಬೇಕು. ಇಲ್ಲದಿದ್ದರೆ ಆ ಹಾಳೆ ಬಿದ್ದವನ ಮೇಲೆ ತಪ್ಪು ಹೊರಿಸುವ ಕಾಗದ ಆಗುತ್ತದೆ. ಅದನ್ನು ನಾನು ಬರೆದುಕೊಡಲು ಒಪ್ಪುವುದಿಲ್ಲ, ಇದನ್ನು ಅವರ ಮುಖಕ್ಕೇ ಹೇಳಿದೆ.

ಇನ್ನೊಂದು ಸಾಲು ಆ ಸೈಟ್‌ಗಂತಲೇ ಸೇರಿಸಿದ್ದು. ಕಟ್ಟಡದ ಮುಂದೆ ರಸ್ತೆ ಪಕ್ಕ ಬೆಸ್ಕಾಂನ 11 ಕೆವಿ ಲೈನ್ ಹಾದುಹೋಗಿದೆ. ಅಲ್ಯೂಮಿನಿಯಂ ಏಣಿಯನ್ನು ಆ ಮಗ್ಗುಲಿಗೆ ಒಯ್ಯುವ ಹಾಗೇ ಇಲ್ಲ. ಏಣಿ ಇಟ್ಟಾಗಿಂತ ಎತ್ತಿ ನಿಲ್ಲಿಸುವಾಗ, ನಿಲ್ಲಿಸಿಕೊಂಡು ನಡೆಯುವಾಗ ತಂತಿಗೆ ತಗಲುವುದೇ ಜಾಸ್ತಿ. ಆದ್ದರಿಂದ ಯಾವ ಏಣಿಯೇ ಆಗಲಿ, ಮಲಗಿಸಿ, ಇಬ್ಬರು ಹಿಡಿದು ಒಯ್ಯಬೇಕು. ತಂತಿಯಿಂದ ಹತ್ತು ಅಡಿ ಒಳಗೆ ಒಣ ಬಿದಿರಿನ ಏಣಿಯೂ ಬೇಡ.

ತಲೆ ಮೇಲೆ ಹೊರುವವರ ಪ್ರಶ್ನೆ

ಹಾಳೆಯ ಮೊದಲ ಕರಡನ್ನು ಓದಿ ಹೇಳಿದಾಗ ಮರಳು ಹೊರುವ ಹೆಣ್ಣುಮಗಳೊಬ್ಬಳು ಕೇಳಿದಳು, "ಅಣ್ಣಾ, ಹೆಲ್ಮೆಟ್ ಹಾಕ್ಕೊಂಡ್ರ ಸಿಂಬಿ ಎಲ್ಲಿ ಇಡ್ಲಿ?" ಅವಳ ತುರುಬಿನ ಮೇಲೆ ಹೆಲ್ಮೆಟ್ ಕೂರುವುದೇ ಇಲ್ಲ, ಕೂತರೂ ಅದರ ಮೇಲೆ ಬಾಂಡ್ಲಿ ನಿಲ್ಲುವುದಿಲ್ಲ. ನಾನು ನೋಡಿದ ಯಾವ ಸುರಕ್ಷತೆ ಹಾಳೆಯಲ್ಲೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಹೆಲ್ಮೆಟ್ ಕಡ್ಡಾಯ ಅಂತ ಬರೆದು, ಅವಳು ಹಾಕದೆ ಓಡಾಡುವುದನ್ನು ಎಲ್ಲರೂ ನೋಡಿಯೂ ನೋಡದ ಹಾಗೆ ಇರುತ್ತಾರೆ.

ಮೇಸ್ತ್ರಿ, ಇಂಜಿನಿಯರ್, ಆ ಹೆಂಗಸರು ಎಲ್ಲರೂ ಕೂತು ಮಾತಾಡಿದೆವು. ತಲೆ ಹೊರೆ ಹೊತ್ತು ಏಣಿ ಹತ್ತುವುದು ಪೂರ್ತಿ ಬಂದ್ ಆಯಿತು. ಮೇಲಕ್ಕೆ ಹೋಗುವುದೆಲ್ಲಾ ರಾಟೆಯಲ್ಲಿ. ನೆಲದ ಮೇಲೆ ಮರಳಿನ ಗುಡ್ಡೆಯಿಂದ ಮಿಕ್ಸರ್‌ವರೆಗೆ ತಲೆ ಮೇಲೆ ಹೊರಬಹುದು, ಆದರೆ ಆ ದಾರಿ ಕಟ್ಟಡದ ಗೋಡೆಯಿಂದ ದೂರ ಇರಬೇಕು, ಮೇಲೆ ಯಾರೂ ಕೆಲಸ ಮಾಡುತ್ತಿರಬಾರದು. ಸುಣ್ಣದಲ್ಲಿ ಗೆರೆ ಎಳೆದು ದಾರಿ ಗುರುತು ಮಾಡಿದರು. ಗೆರೆ ದಾಟಿ ಒಳಗೆ ಬರುವಾಗ ಸಿಂಬಿ ತೆಗೆದು ಹೆಲ್ಮೆಟ್. ತುರುಬನ್ನು ಕುತ್ತಿಗೆ ಹತ್ತಿರ ಕೆಳಗೆ ಕಟ್ಟಿಕೊಂಡರೆ ಹಿಂದಿನ ಚಕ್ರ ತಿರುಗಿಸಿ ಬಿಗಿ ಮಾಡುವ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಇದು ಪೂರ್ತಿ ಪರಿಹಾರ ಅಲ್ಲ. ಕೈಗಾಡಿ ಬಂದರೆ ತಲೆ ಹೊರೆಯೇ ಇರುವುದಿಲ್ಲ. ಸದ್ಯಕ್ಕೆ ಆ ಸೈಟ್‌ನಲ್ಲಿ ಆದದ್ದು ಇಷ್ಟು.

ಆಮೇಲೆ

ಸಹಿ ಹಾಕಿಸುವ ಕ್ರಮ ಬದಲಾಯಿತು. ಹೊಸದಾಗಿ ಬಂದವನನ್ನು ಏಣಿ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಬೇಕಂತಲೇ ಬುಡ ದೂರ ಇಟ್ಟಿರುತ್ತಾರೆ. ಅವನು ಕೈ ಚಾಚಿ ನೋಡಿ, ತಪ್ಪು ಹಿಡಿದು, ತಾನೇ ಸರಿ ಮಾಡಿ, ಗದ್ದದ ಪಟ್ಟಿ ಹಾಕಿ ತೋರಿಸಬೇಕು. ಆಮೇಲೆ ಸಹಿ. ದಿನಗೂಲಿಯವರಿಗೂ ಅಷ್ಟೇ. ಚಹಾ ಕುಡಿಯುವ ಹೊತ್ತಿನಲ್ಲಿ ಮುಗಿಯುತ್ತದೆ.

ಕೆಲವು ವಾರ ಬಿಟ್ಟು ಹೋಗಿ ನೋಡಿದಾಗ ಬುಡದ ದೂರ ಎಲ್ಲಾ ಕಡೆ ಸರಿಯಾಗಿತ್ತು, ಗದ್ದದ ಪಟ್ಟಿ ಹೆಚ್ಚಿನವರು ಹಾಕಿದ್ದರು. ತುದಿ ಕಟ್ಟುವುದು ಮಾತ್ರ ನಡೆದಿರಲಿಲ್ಲ. ಕಾರಣ ಸೋಮಾರಿತನ ಅಲ್ಲ. ನುಣ್ಣನೆಯ ಸ್ಲ್ಯಾಬ್ ಅಂಚಿನಲ್ಲಿ ಹಗ್ಗ ಕಟ್ಟಲು ಏನೂ ಇಲ್ಲ. ಒಬ್ಬ ಬುಡ ಹಿಡಿದು ನಿಲ್ಲುತ್ತಿದ್ದ. ಗಿಡ್ಡ ಏಣಿಗೆ, ಸ್ವಲ್ಪ ಹೊತ್ತಿಗೆ ಅದು ನಡೆಯುತ್ತದೆ. ದಿನವಿಡೀ ಓಡಾಡುವ ಏಣಿಗೆ ಆಗದ ಮಾತು, ಅವನನ್ನು ಹತ್ತು ನಿಮಿಷಕ್ಕೆ ಯಾರೋ ಬೇರೆ ಕೆಲಸಕ್ಕೆ ಕರೆಯುತ್ತಾರೆ.

ಬಾರ್ ಬೆಂಡಿಂಗ್ ಮಾಡುವವರು ದಾರಿ ತೋರಿಸಿದರು. ಮುಂದಿನ ಸ್ಲ್ಯಾಬ್ ಹಾಕುವಾಗ ಏಣಿ ಬರುವ ಜಾಗ ಮೊದಲೇ ಗೊತ್ತು ಮಾಡಿ, ಅಂಚಿನಿಂದ ಸ್ವಲ್ಪ ಒಳಗೆ ಸರಳನ್ನು ಬಗ್ಗಿಸಿ ಎರಡು ಕೊಂಡಿ ಕಾಂಕ್ರೀಟ್‌ನಲ್ಲಿ ಬಿಟ್ಟರು. ಏಣಿಯ ಎರಡು ಪಕ್ಕದ ಕಂಬಗಳನ್ನೂ ಅದಕ್ಕೆ ಕಟ್ಟುತ್ತಾರೆ. ಮೆಟ್ಟಿಲಿಗೆ ಕಟ್ಟುವುದಿಲ್ಲ, ಮೆಟ್ಟಿಲಿನಲ್ಲಿ ಹಗ್ಗ ಜರುಗುತ್ತದೆ. ಮೆಟ್ಟಿಲು ಸಾಲು ಬಳಕೆಗೆ ಬಂದ ಮೇಲೆ ಕೊಂಡಿ ಕತ್ತರಿಸಿ ಹಾಕಿದರೆ ಆಯಿತು. ಏಣಿ ಇಳಿಸುವ ದಿನ ಕೊನೆಗೆ ಇಳಿಯುವವನು ಹಗ್ಗ ಬಿಚ್ಚಿ ಇಳಿಯುವಾಗ ಬುಡವನ್ನು ಮತ್ತೆ ಒಬ್ಬ ಹಿಡಿಯಬೇಕು ಅಂತ ಹಾಳೆಗೆ ಇನ್ನೊಂದು ಸಾಲು ಬಂತು.

ಏಣಿಗಳಿಗೆಲ್ಲಾ ಪೇಂಟ್‌ನಲ್ಲಿ ನಂಬರ್ ಬರೆದರು. ಬಿದಿರು, ಮರದ ಏಣಿಗಳಿಗೆ ನಂಬರ್ ಬರೆಯುವಷ್ಟು ಜಾಗಕ್ಕೆ ಮಾತ್ರ ಪೇಂಟ್. ಪೂರ್ತಿ ಬಳಿದರೆ ಸೀಳು ಕಾಣುವುದಿಲ್ಲ. ಸೋಮವಾರ ಬೆಳಗ್ಗೆ ಮೇಸ್ತ್ರಿ ಒಂದೊಂದನ್ನೂ ಮಲಗಿಸಿ ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಆ ಹನ್ನೆರಡು ಅಡಿಯ ಏಣಿಗೆ ಎರಡು ಕಾಲಿಗೂ ಹೊಸ ಬುಷ್ ಹಾಕಿಸಿ, ಎಂಟು ಅಡಿ ಲಿಂಟಲ್ ಮಟ್ಟದ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಸೀಳು ಬಿಟ್ಟಿದ್ದ ಒಂದು ಬಿದಿರಿನ ಏಣಿ ಸಿಕ್ಕಿತು. ಅದನ್ನು ಮೂಲೆಗೆ ಒರಗಿಸಿದರೆ ಯಾರಾದರೂ ತಂತಿ ಸುತ್ತಿ ಮತ್ತೆ ಹತ್ತುತ್ತಾರೆ ಅಂತ ಗೊತ್ತಿದ್ದರಿಂದ ಅಲ್ಲೇ ಗರಗಸ ತರಿಸಿ ಮೂರು ತುಂಡು ಮಾಡಿಸಿದರು.